ಬೇರೆಯವರ ವಿಡಿಯೊ ಮೇಲೆ ಮಾತಾಡುವುದು ಹೇಗೆ: ಒಂದು ಕೆಜಿಎಫ್ ವಿಡಿಯೊ, ಎರಡು ಸಲ ಮಾಡಿದ ಕಥೆ

ನಮ್ಮ ಕೋಲಾರ ಜಿಲ್ಲೆಯ ಚಿನ್ನದ ಗಣಿ ಬಗ್ಗೆ ಯಾರೋ ಮಾಡಿದ 12 ನಿಮಿಷದ ವ್ಲಾಗ್ ಒಂದು ನನ್ನ ಫೋನಿಗೆ ಬಂತು. ಹತ್ತಾರು ಜನ ಕಳಿಸಿದ್ದರು. ನೋಡುತ್ತಾ ಹೋದ ಹಾಗೆ ತಪ್ಪುಗಳೇ ಜಾಸ್ತಿ ಕಂಡವು. ಇದಕ್ಕೆ ಉತ್ತರ ಕೊಡಲೇಬೇಕು ಅನಿಸಿ ಅವತ್ತು ರಾತ್ರಿಯೇ ರಿಯಾಕ್ಷನ್ ವಿಡಿಯೊ ಮಾಡಿ ಯೂಟ್ಯೂಬ್‌ಗೆ ಹಾಕಿದೆ. ಆ ವ್ಲಾಗ್ ಪೂರ್ತಿ ಓಡುತ್ತಿತ್ತು. ಮೂಲೆಯಲ್ಲಿ ನನ್ನ ಮುಖ. ನಡುನಡುವೆ "ಅಯ್ಯೋ, ಇದು ತಪ್ಪು" ಅಂತ ನನ್ನ ಮಾತು. ಅಪ್‌ಲೋಡ್ ಆಗುತ್ತಿದ್ದಂತೆ ಕಾಪಿರೈಟ್ ಕ್ಲೇಮ್ ಬಂತು, ಅಂದರೆ ಇದರಲ್ಲಿ ನಮ್ಮದು ಇದೆ ಅಂತ ಬೇರೆಯವರು ಹಕ್ಕು ಹೇಳಿದ್ದು. ನಾಲ್ಕು ದಿನದ ಮೇಲೆ ನಾನೇ ಅದನ್ನು ತೆಗೆದುಹಾಕಿ, ಅದೇ ವಿಷಯವನ್ನು ಮೊದಲಿಂದ ಮಾಡಿದೆ. ಎರಡನೆಯ ವಿಡಿಯೊ ಇವತ್ತಿಗೂ ಚಾನೆಲ್‌ನಲ್ಲಿದೆ. ಎರಡಕ್ಕೂ ನಡುವೆ ಏನು ಬದಲಾಯಿತು ಅನ್ನುವುದನ್ನು ಹಂತ ಹಂತವಾಗಿ ಬರೆಯುತ್ತೇನೆ.

ಮೊದಲು ಯಾರು ನೋಡುತ್ತಾರೆ ಅಂತ ತಿಳಿಯಿರಿ

ಯೂಟ್ಯೂಬ್‌ನಲ್ಲಿ ನಿಮ್ಮ ವಿಡಿಯೊವನ್ನು ಮೂರು ಬೇರೆ ಬೇರೆ ಕಣ್ಣುಗಳು ನೋಡುತ್ತವೆ. ನಮ್ಮಲ್ಲಿ ತುಂಬಾ ಜನ ಮೂರನ್ನೂ ಕಲಸಿ "ಕಾಪಿರೈಟ್ ಬಂತು" ಅಂದುಬಿಡುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ.

ಮೊದಲನೆಯದು ಕಂಟೆಂಟ್ ಐಡಿ ಅನ್ನುವ ಯಂತ್ರ. ಹಾಡಿನ ಕಂಪನಿ, ಸಿನಿಮಾ ಸಂಸ್ಥೆ, ಟಿವಿ ಚಾನೆಲ್‌ಗಳು ತಮ್ಮ ಹಾಡು, ದೃಶ್ಯಗಳನ್ನು ಅದಕ್ಕೆ ಕೊಟ್ಟಿರುತ್ತವೆ. ನಿಮ್ಮ ವಿಡಿಯೊದಲ್ಲಿ ಅದೇ ದನಿಯೋ ದೃಶ್ಯವೋ ಸಿಕ್ಕರೆ ಕ್ಲೇಮ್ ಹಾಕುತ್ತದೆ. ಆಗ ವಿಡಿಯೊ ಬ್ಲಾಕ್ ಆಗಬಹುದು, ಇಲ್ಲವೇ ಅದರ ಜಾಹೀರಾತಿನ ದುಡ್ಡು ಅವರಿಗೆ ಹೋಗಬಹುದು, ಇಲ್ಲವೇ ಅವರು ಸುಮ್ನೆ ಲೆಕ್ಕ ಇಟ್ಟುಕೊಳ್ಳಬಹುದು. ಈ ಯಂತ್ರಕ್ಕೆ ನಿಮ್ಮ ವಿಮರ್ಶೆ ಅರ್ಥವಾಗುವುದಿಲ್ಲ. ನೀವು ಎಷ್ಟೇ ಚೆನ್ನಾಗಿ ವಿಶ್ಲೇಷಣೆ ಮಾಡಿದ್ದರೂ ಅದಕ್ಕೆ ಕಾಣುವುದು ಹೊಂದಾಣಿಕೆ ಮಾತ್ರ.

ಎರಡನೆಯದು ಮೂಲ ವಿಡಿಯೊ ಮಾಡಿದ ಮನುಷ್ಯ. ಅವನು ನೇರವಾಗಿ ಯೂಟ್ಯೂಬ್‌ಗೆ ದೂರು ಕೊಟ್ಟು ವಿಡಿಯೊ ತೆಗೆಸಬಹುದು. ಆಗ ಬರುವುದು ಸ್ಟ್ರೈಕ್. 90 ದಿನದೊಳಗೆ ಮೂರು ಸ್ಟ್ರೈಕ್ ಆದರೆ ಚಾನೆಲ್ಲೇ ಹೋಗಬಹುದು. ಕ್ಲೇಮ್ ಮತ್ತು ಸ್ಟ್ರೈಕ್ ಒಂದೇ ಅಲ್ಲ, ಇದನ್ನು ಗಟ್ಟಿಯಾಗಿ ನೆನಪಿಡಿ.

ಮೂರನೆಯದು ಹಣ ಗಳಿಕೆಗೆ ನೀವು ಅರ್ಜಿ ಹಾಕಿದಾಗ ಚಾನೆಲ್ ನೋಡುವ ಪರಿಶೀಲಕರು. ಅವರು "ರೀಯೂಸ್ಡ್ ಕಂಟೆಂಟ್", ಅಂದರೆ ಬೇರೆಯವರದ್ದನ್ನೇ ಮತ್ತೆ ಹಾಕಿದ್ದೀರಿ ಅಂತ ಹೇಳಿ ಅರ್ಜಿ ವಾಪಸ್ ಕಳಿಸಬಹುದು. ಇದಕ್ಕೂ ಕಾಪಿರೈಟ್‌ಗೂ ಸಂಬಂಧವಿಲ್ಲ. ಮೂಲದವರು ಅನುಮತಿ ಕೊಟ್ಟಿದ್ದರೂ ಇದು ಬರಬಹುದು. ಅವರು ಹುಡುಕುವುದು ಒಂದನ್ನೇ: ಇಲ್ಲಿ ನಿಮ್ಮದು ಏನಿದೆ? ಮೂಲ ವಿಡಿಯೊ ಮೇಲೆ ನಿಜವಾಗಿ ಮಾತಾಡುವ ರಿಯಾಕ್ಷನ್‌ಗೆ ಯೂಟ್ಯೂಬ್ ನಿಯಮದಲ್ಲೇ ಜಾಗ ಇದೆ.

ಹಾಗಾಗಿ ನಿಮ್ಮ ಕೆಲಸ ಎರಡು. ವಿಶ್ಲೇಷಣೆ ಮಾಡುವುದು ಮನುಷ್ಯರಿಗಾಗಿ. ಎಡಿಟಿಂಗ್ ಮಾಡುವಾಗ ಯಂತ್ರವೂ ನೆನಪಿರಬೇಕು. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ.

ಕಾನೂನಿನ ಆಸರೆ ಎಲ್ಲಿದೆ

ನಮ್ಮ 1957ರ ಕಾಪಿರೈಟ್ ಕಾಯಿದೆಯ 52ನೇ ಸೆಕ್ಷನ್‌ನಲ್ಲಿ ವಿಮರ್ಶೆಗಾಗಿ ನ್ಯಾಯವಾಗಿ ಬಳಸಿದರೆ ಅದು ಉಲ್ಲಂಘನೆ ಅಲ್ಲ ಅಂತ ಇದೆ. ಆ ಕೃತಿಯ ವಿಮರ್ಶೆಯಾದರೂ ಸರಿ, ಬೇರೆ ಕೃತಿಯದ್ದಾದರೂ ಸರಿ. ಆದರೆ ಇಂಥ ವಿಡಿಯೊ ಬಗ್ಗೆ ಮಾತಾಡುವಾಗ ಬರುವ "ಟ್ರಾನ್ಸ್‌ಫಾರ್ಮೇಟಿವ್" ಅನ್ನುವ ಪದ ನಮ್ಮ ಕಾಯಿದೆಯಲ್ಲಿಲ್ಲ. ಅದು ಅಮೆರಿಕದ ಕೋರ್ಟುಗಳಿಂದ ಬಂದದ್ದು, ಮುಖ್ಯವಾಗಿ 1994ರ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಮೂಲವನ್ನು ಬೇರೆ ಉದ್ದೇಶಕ್ಕೆ ಬಳಸಿ, ಅದರಲ್ಲಿ ಇಲ್ಲದ ಹೊಸ ಅರ್ಥವನ್ನೋ ಹೊಸ ವಿಷಯವನ್ನೋ ಸೇರಿಸಿದ್ದೀರಾ ಅನ್ನುವುದು ಅದರ ಸಾರ. ಯೂಟ್ಯೂಬ್‌ನ ದೂರು, ಅದಕ್ಕೆ ಎದುರಾಗಿ ನಾವು ಕೊಡುವ ಮರುದೂರು ಎಲ್ಲ ಅಮೆರಿಕದ ಕಾನೂನಿನ ದಾರಿಯಲ್ಲಿ ನಡೆಯುವುದರಿಂದ ನಮಗೆ ಎರಡೂ ಬೇಕಾಗುತ್ತವೆ.

ರಿಯಾಕ್ಷನ್ ವಿಡಿಯೊ ಮೇಲೆಯೇ ಬಂದ ಒಂದು ತೀರ್ಪು ಇದೆ, 2017ರದ್ದು, ನ್ಯೂಯಾರ್ಕ್‌ನದ್ದು. ಹೊಸೈನ್‌ಜಾದೆ ಮತ್ತು ಕ್ಲೈನ್ ದಂಪತಿಯ ಮೊಕದ್ದಮೆ. ಕ್ಲೈನ್ ದಂಪತಿ 5 ನಿಮಿಷ 24 ಸೆಕೆಂಡಿನ ವಿಡಿಯೊದಿಂದ 3 ನಿಮಿಷ 15 ಸೆಕೆಂಡ್ ಬಳಸಿದ್ದರು. ಅರ್ಧಕ್ಕಿಂತ ಜಾಸ್ತಿ, ಅಲ್ವಾ? ಆದರೂ ಗೆದ್ದರು. ಯಾಕೆಂದರೆ ಅವರ ಹದಿನಾಲ್ಕು ನಿಮಿಷದ ವಿಡಿಯೊದಲ್ಲಿ ಚಿಕ್ಕ ಚಿಕ್ಕ ಕ್ಲಿಪ್ ಬಂದ ಮೇಲೆ ಉದ್ದುದ್ದ ಟೀಕೆ ಇತ್ತು. ಅದೇ ತೀರ್ಪಿನಲ್ಲಿ ನ್ಯಾಯಾಧೀಶೆ ಇನ್ನೊಂದು ಮಾತೂ ಹೇಳಿದರು: ಎಲ್ಲ ರಿಯಾಕ್ಷನ್ ವಿಡಿಯೊಗಳಿಗೂ ಈ ರಕ್ಷಣೆ ಇಲ್ಲ, ಕೆಲವು ಏನೂ ಹೇಳದೆ ಎಲ್ಲರೂ ಕೂತು ಒಟ್ಟಿಗೆ ನೋಡಿದ ಹಾಗೆ ಇರುತ್ತವೆ. ನನ್ನ ಮೊದಲ ವಿಡಿಯೊ ಆ ಜಾತಿಯದ್ದೇ ಆಗಿತ್ತು.

ಇದರಿಂದ ಒಂದು ವಿಷಯ ಸ್ಪಷ್ಟ. "10 ಸೆಕೆಂಡ್ ಬಳಸಬಹುದು", "30 ಸೆಕೆಂಡ್ ಓಕೆ" ಅನ್ನುವ ನಿಯಮ ಎಲ್ಲೂ ಇಲ್ಲ. ಡಿಸ್ಕ್ರಿಪ್ಷನ್‌ನಲ್ಲಿ "ಕೃಪೆ" ಅಂತ ಬರೆದರೆ ರಕ್ಷಣೆ ಸಿಗುವುದಿಲ್ಲ. ಮೂಲದ ಲಿಂಕ್ ಕೊಡಿ, ಅದು ಮರ್ಯಾದೆ, ನೋಡುವವರು ಹೋಗಿ ಹೋಲಿಸಬಹುದು. ಆದರೆ ಅದು ಅನುಮತಿಯ ಬದಲಿಗೆ ಬರುವುದಿಲ್ಲ. ಚಿತ್ರವನ್ನು ಕನ್ನಡಿಯಂತೆ ತಿರುಗಿಸುವುದು, ದನಿಯ ವೇಗ ಬದಲಿಸುವುದು, ಸುತ್ತ ಚೌಕಟ್ಟು ಹಾಕುವುದು ಯಾವುದನ್ನೂ ಮಾಡಬೇಡಿ. ಯಂತ್ರ ಅವನ್ನು ಬಹಳ ಸಲ ಹಿಡಿಯುತ್ತದೆ. ನಾಳೆ ಮನುಷ್ಯರು ನೋಡಿದಾಗ ನೀವು ಬಚ್ಚಿಡಲು ನೋಡಿದಿರಿ ಅನ್ನುವುದಕ್ಕೆ ಅದೇ ಸಾಕ್ಷಿಯಾಗುತ್ತದೆ.

ಕ್ಯಾಮೆರಾ ಆನ್ ಮಾಡುವ ಮೊದಲು: ಎರಡು ಕಾಲಂ

ಎರಡನೇ ಸಲ ನಾನು ಆ ವ್ಲಾಗ್ ಅನ್ನು ಕ್ಯಾಮೆರಾ ಇಲ್ಲದೆ ಪೂರ್ತಿ ನೋಡಿದೆ. ಕೈಯಲ್ಲಿ ಒಂದು ನೋಟ್‌ಬುಕ್. ಹಾಳೆಯ ನಡುವೆ ಗೆರೆ ಎಳೆದು, ಎಡಗಡೆ ವ್ಲಾಗರ್ ಹೇಳಿದ್ದು ಮತ್ತು ಅದು ಬರುವ ಸಮಯ, ಬಲಗಡೆ ಅದಕ್ಕೆ ನಾನು ಹೇಳಬೇಕಾದ್ದು. ಬಲಗಡೆ "ವಾವ್", "ತಪ್ಪು", "ಹಹ್ಹಾ" ಬಿಟ್ಟು ಬೇರೇನೂ ಬರೆಯಲು ಆಗದಿದ್ದರೆ ಆ ಕ್ಲಿಪ್ ಬೇಡ. ನಾನು ಎಡಗಡೆ 23 ಸಾಲು ಬರೆದಿದ್ದೆ. ಬಲಗಡೆ ಗಟ್ಟಿಯಾಗಿ ತುಂಬಿದ್ದು 7.

ಅದರಲ್ಲಿ ಮೂರನ್ನು ಇಲ್ಲಿ ಹೇಳುತ್ತೇನೆ, ಬಲಗಡೆಯ ಕಾಲಂ ಹೇಗಿರಬೇಕು ಅಂತ ಗೊತ್ತಾಗಲಿ.

ವ್ಲಾಗರ್ ಹೇಳಿದ್ದು: "ಚಿನ್ನ ಮುಗಿದು ಹೋಯಿತು, ಗಣಿ ಮುಚ್ಚಿದರು." ಗಣಿ ಮುಚ್ಚಿದ್ದು 2001ರಲ್ಲಿ, ಅದು ಸರಿ. ಆದರೆ ಕಾರಣ ಅಷ್ಟು ಸರಳವಲ್ಲ. ಆಳಕ್ಕೆ ಹೋದಂತೆ ಅದಿರಿನಲ್ಲಿ ಚಿನ್ನದ ಅಂಶ ಕಡಿಮೆಯಾಯಿತು, ತೆಗೆಯುವ ಖರ್ಚು ಏರಿತು. ಸಿಗುವ ಚಿನ್ನದ ಬೆಲೆಗಿಂತ ಅದನ್ನು ತೆಗೆಯುವ ಖರ್ಚೇ ಜಾಸ್ತಿಯಾಯಿತು. ನಮ್ಮ ಬೀದಿಯಲ್ಲಿ ಗಣಿಯಲ್ಲಿ ದುಡಿದು ನಿವೃತ್ತರಾದ ತಾತ ಒಬ್ಬರಿದ್ದಾರೆ. ಅವರನ್ನು ಕೇಳಿದೆ. "ಚಿನ್ನ ಮುಗೀಲಿಲ್ಲ ಕಣಪ್ಪಾ, ಅದನ್ನ ತೆಗೆಯೋ ಶಕ್ತಿ ಮುಗೀತು" ಅಂದರು. ಅವರ ಒಪ್ಪಿಗೆ ಪಡೆದು ಆ ಮಾತನ್ನು ದನಿಯಲ್ಲಿ ಹಿಡಿದುಕೊಂಡೆ. ಇದು ವ್ಲಾಗ್‌ನಲ್ಲಿ ಎಲ್ಲೂ ಇಲ್ಲದ ವಿಷಯ. ಟ್ರಾನ್ಸ್‌ಫಾರ್ಮೇಟಿವ್ ಅಂದರೆ ಇಂಥದ್ದು.

ಎರಡನೆಯದು: "ಪ್ರಪಂಚದ ಅತಿ ಆಳದ ಗಣಿ." ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಜಾಸ್ತಿ ಆಳ, ಪ್ರಪಂಚದ ಅತಿ ಆಳದ ಗಣಿಗಳ ಸಾಲಿನಲ್ಲಿತ್ತು. ಆದರೆ ಇವತ್ತು ದಕ್ಷಿಣ ಆಫ್ರಿಕಾದ ಎಂಪೊನೆಂಗ್ ಗಣಿ ಅದಕ್ಕಿಂತ ಆಳ. ಇಲ್ಲಿ ನನಗೆ ಬೇಕಾಗಿದ್ದು 9 ಸೆಕೆಂಡಿನ ಕ್ಲಿಪ್ ಮಾತ್ರ. ಉಳಿದದ್ದು ನಾನೇ ಬರೆದ ಒಂದು ಚಿತ್ರ: ನೆಲ, ಅದರ ಕೆಳಗೆ ಎರಡು ಗೆರೆ.

ಮೂರನೆಯದಕ್ಕೆ ನನಗೆ ನಿಜವಾಗಿ ಸಿಟ್ಟು ಬಂದಿತ್ತು. ಆತ ಸೈನೈಡ್ ಗುಡ್ಡವನ್ನು ತೋರಿಸಿ, "ಮರಳಿನ ಗುಡ್ಡ, ಫೋಟೊ ತೆಗೆಯೋಕೆ ಸೂಪರ್ ಜಾಗ" ಅಂದಿದ್ದ. ಅದಿರನ್ನು ಪುಡಿ ಮಾಡಿ, ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿ ಅದು. ಗಾಳಿಗಾಲದಲ್ಲಿ ಆ ದೂಳು ಮನೆಯೊಳಗೆ ಬರುತ್ತದೆ, ಒಣಗಿಸಿದ ಬಟ್ಟೆ ಮೇಲೆ ಕೂರುತ್ತದೆ. ಈ ಒಂದು ಕ್ಲಿಪ್‌ಗೆ ನಾನು ಎರಡೂವರೆ ನಿಮಿಷ ಮಾತಾಡಿದೆ, ರಸ್ತೆಯಿಂದ ನನ್ನ ಫೋನಿನಲ್ಲೇ ತೆಗೆದ ಗುಡ್ಡದ ದೃಶ್ಯ ಹಾಕಿದೆ. ಸಿಟ್ಟನ್ನು ವ್ಲಾಗರ್ ಮೇಲೆ ತೋರಿಸಲಿಲ್ಲ, ಹೇಳಿದ ಮಾತಿನ ಮೇಲೆ ತೋರಿಸಿದೆ. ವ್ಯಕ್ತಿಯನ್ನು ಬೈದರೆ ಅದು ವಿಮರ್ಶೆಯಾಗಿ ಉಳಿಯುವುದಿಲ್ಲ, ಬೇಡದ ದೂರಿಗೂ ದಾರಿಯಾಗುತ್ತದೆ.

ಕಾಲಂ ಮುಗಿದ ಮೇಲೆ ಎರಡು ಪರೀಕ್ಷೆ ಮಾಡಿ. ಒಂದು, ಕ್ಲಿಪ್‌ಗಳನ್ನೆಲ್ಲ ತೆಗೆದು ನಿಮ್ಮ ಮಾತನ್ನು ಮಾತ್ರ ಗಟ್ಟಿಯಾಗಿ ಓದಿ. ಅದು ಹತ್ತು ನಿಮಿಷದ ಮಾತಾಗಿ ನಿಲ್ಲುತ್ತದಾ? ಎರಡು, ನಿಮ್ಮದನ್ನು ನೋಡಿದವರು "ಇನ್ನು ಮೂಲ ನೋಡುವುದೇ ಬೇಡ, ಎಲ್ಲ ಇಲ್ಲೇ ಸಿಕ್ಕಿತು" ಅನ್ನುವ ಹಾಗಿದೆಯಾ? ಹಾಗಿದ್ದರೆ ನೀವು ಅವರ ವೀಕ್ಷಕರನ್ನು ಕಿತ್ತುಕೊಂಡಿದ್ದೀರಿ. ಕೋರ್ಟು ನೋಡುವ ದೊಡ್ಡ ವಿಷಯಗಳಲ್ಲಿ ಇದೂ ಒಂದು.

ಟೈಮ್‌ಲೈನ್ ಮೇಲೆ

ಕ್ಲಿಪ್, ನಿಲ್ಲಿಸು, ಮಾತು. ಇದೇ ಕ್ರಮ. ಮೂಲ ವಿಡಿಯೊ ಹಿಂದೆ ಓಡುತ್ತಲೇ ಇರುವಾಗ ಮುಂದೆ ಮಾತಾಡಬೇಡಿ. ಕ್ಲಿಪ್ ಎಲ್ಲಿ ನಿಮ್ಮ ಮಾತಿಗೆ ಬೇಕಾದ ವಾಕ್ಯ ಮುಗಿಸುತ್ತದೋ ಅಲ್ಲೇ ಕತ್ತರಿಸಿ. ಅದರ ನಂತರ ಪರದೆ ನಿಮ್ಮದು: ನಿಮ್ಮ ಮುಖ, ನಿಮ್ಮ ನಕ್ಷೆ, ನೀವು ತೆಗೆದ ದೃಶ್ಯ, ನೀವು ಬರೆದ ಅಂಕಿ. ಚಲಿಸುವ ಚಿತ್ರವೇ ಬೇಕಿಲ್ಲದ ಕಡೆ ಒಂದು ನಿಂತ ಫ್ರೇಮ್ ಸಾಕು. ಅವರು ಹೇಳಿದ್ದಷ್ಟೇ ಮುಖ್ಯವಾದರೆ ಆ ವಾಕ್ಯವನ್ನು ಪರದೆಯ ಮೇಲೆ ಬರೆದು ನೀವೇ ಓದಿ.

ನನ್ನ ಲೆಕ್ಕ ಹೀಗಿತ್ತು. ಏಳು ಕ್ಲಿಪ್, ಎಲ್ಲ ಸೇರಿ 82 ಸೆಕೆಂಡ್. ಅತಿ ಉದ್ದದ್ದು 18 ಸೆಕೆಂಡ್, ಸೈನೈಡ್ ಗುಡ್ಡದ್ದು. ನನ್ನ ವಿಡಿಯೊ 11 ನಿಮಿಷ. ಅಂದರೆ ಎಂಟರಲ್ಲಿ ಒಂದು ಪಾಲು ಅವರದ್ದು, ಏಳು ಪಾಲು ನನ್ನದು. ಈ ಅಂಕಿಯನ್ನು ನಿಯಮ ಅಂತ ತಿಳಿಯಬೇಡಿ. ಒಂದು ಹಾಡಿನ ಸಾಹಿತ್ಯವನ್ನು ಸಾಲು ಸಾಲಾಗಿ ಬಿಡಿಸುವವರಿಗೆ ಜಾಸ್ತಿ ಬೇಕಾಗಬಹುದು, ಒಂದೇ ತಪ್ಪು ತೋರಿಸುವವರಿಗೆ 5 ಸೆಕೆಂಡ್ ಸಾಕು. ಪ್ರತಿ ಕ್ಲಿಪ್‌ಗೂ "ಇದು ಇಷ್ಟೇ ಉದ್ದ ಯಾಕೆ ಬೇಕು" ಅಂತ ಒಂದು ವಾಕ್ಯದಲ್ಲಿ ಹೇಳಲು ಬಂದರೆ ಸರಿ.

ಥಂಬ್‌ನೇಲ್‌ಗೂ ಇದೇ ಮಾತು. ಅವರ ಥಂಬ್‌ನೇಲ್ ಎತ್ತಿ ಹಾಕಬೇಡಿ.

ನನ್ನನ್ನು ಹಿಡಿದದ್ದು ಹಿನ್ನೆಲೆ ಸಂಗೀತ

ಮೊದಲ ವಿಡಿಯೊಗೆ ಬಂದ ಕ್ಲೇಮ್ ವ್ಲಾಗರ್‌ನದ್ದಲ್ಲ. ಒಂದು ಸಂಗೀತ ಕಂಪನಿಯದ್ದು. ವ್ಲಾಗರ್ ತನ್ನ ಮಾತಿನ ಕೆಳಗೆ ಸಿನಿಮಾ ಸಂಗೀತ ಹಾಕಿಕೊಂಡಿದ್ದ. ಅವನ ಕ್ಲಿಪ್ ತಂದಾಗ ಆ ಸಂಗೀತವೂ ನನ್ನ ವಿಡಿಯೊಗೆ ಬಂತು. ತುಂಬಾ ಜನಕ್ಕೆ ಈ ಜಾಗದಲ್ಲೇ ಏಟು ಬೀಳುತ್ತದೆ. ಮೂಲದವರ ಒಪ್ಪಿಗೆ ಇದ್ದರೂ ಬೀಳುತ್ತದೆ, ಯಾಕೆಂದರೆ ಆ ಸಂಗೀತ ಅವರದ್ದಲ್ಲ.

ಇಲ್ಲಿ "ನಾನು ವಿಮರ್ಶೆ ಮಾಡಿದ್ದೇನೆ" ಅನ್ನುವ ವಾದ ನಿಲ್ಲುವುದು ಕಷ್ಟ. ನಾನು ವಿಮರ್ಶೆ ಮಾಡಿದ್ದು ವ್ಲಾಗರ್‌ನ ಮಾತನ್ನು, ಆ ಸಂಗೀತವನ್ನಲ್ಲ. ಸಂಗೀತದ ಬಗ್ಗೆ ಒಂದು ಮಾತೂ ಆಡದೆ ಅದನ್ನು ಬಳಸಿದರೆ ಅದು ಸುಮ್ನೆ ಬಳಸಿದ ಹಾಗೆಯೇ. ಹಾಗಾಗಿ ಎರಡನೇ ಸಲ ಏಳರಲ್ಲಿ ನಾಲ್ಕು ಕ್ಲಿಪ್‌ಗಳ ದನಿ ಪೂರ್ತಿ ತೆಗೆದೆ. ಆತ ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಕೆಳಗೆ ಅಕ್ಷರದಲ್ಲಿ ಹಾಕಿ, ನನ್ನ ದನಿಯಲ್ಲಿ ಓದಿದೆ. ಸಂಗೀತ ಇಲ್ಲ ಅನಿಸಿದ ಮೂರು ಕ್ಲಿಪ್‌ಗಳ ದನಿ ಉಳಿಸಿಕೊಂಡೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ. ಫೋನಿನ ಸ್ಪೀಕರ್‌ನಲ್ಲಿ ಸಣ್ಣ ಸಂಗೀತ ಕೇಳಿಸುವುದೇ ಇಲ್ಲ, ಯಂತ್ರಕ್ಕೆ ಕೇಳಿಸುತ್ತದೆ.

ಅಪ್‌ಲೋಡ್ ಮಾಡಿ, ಆದರೆ ಬಿಡುಗಡೆ ಮಾಡಬೇಡಿ

ಮೊದಲು ಪ್ರೈವೇಟ್ ಆಗಿ ಹಾಕಿ. ಅಪ್‌ಲೋಡ್ ಪುಟದಲ್ಲಿ `Checks` ಅನ್ನುವ ಹಂತ ಇದೆ. ಅದು ಮುಗಿಯುವ ತನಕ ಕಾಯಿರಿ. ಏನಾದರೂ ಹೊಂದಿದರೆ ಎಲ್ಲಿಂದ ಎಲ್ಲಿಯವರೆಗೆ, ಯಾರದು, ಅದರಿಂದ ಏನಾಗುತ್ತದೆ ಅಂತ ಅಲ್ಲೇ ತೋರಿಸುತ್ತದೆ. ನನ್ನ ಎರಡನೇ ವಿಡಿಯೊದಲ್ಲೂ 6 ಸೆಕೆಂಡಿನ ಒಂದು ಹೊಂದಾಣಿಕೆ ಬಂತು, ಅದೇ ಸಂಗೀತ, ಒಂದು ಕ್ಲಿಪ್‌ನ ಬಾಲದಲ್ಲಿ ಉಳಿದಿತ್ತು. ವಾಪಸ್ ಎಡಿಟಿಂಗ್‌ಗೆ ಹೋಗಿ ಆ ಬಾಲ ಕತ್ತರಿಸಿ ಮತ್ತೆ ಹಾಕಿದೆ. ಈಗಾಗಲೇ ಬಿಡುಗಡೆಯಾದ ವಿಡಿಯೊ ಆದರೆ ಯೂಟ್ಯೂಬ್ ಸ್ಟುಡಿಯೊದಲ್ಲೇ ಆ ಭಾಗ ಕತ್ತರಿಸುವ, ಹಾಡು ಮ್ಯೂಟ್ ಮಾಡುವ, ಬೇರೆ ಹಾಡು ಹಾಕುವ ಆಯ್ಕೆಗಳಿವೆ.

ಇಲ್ಲಿ ಏನೂ ಬರಲಿಲ್ಲ ಅಂದರೆ ಯಂತ್ರಕ್ಕೆ ಸದ್ಯಕ್ಕೆ ಏನೂ ಸಿಕ್ಕಿಲ್ಲ ಅಂತ ಅರ್ಥ, ಅಷ್ಟೇ. ವ್ಲಾಗರ್ ಆಮೇಲೆ ದೂರು ಕೊಡಬಹುದು.

ಕ್ಲೇಮ್ ಬಂದರೆ ಯಾವಾಗ ಎದುರಿಸಬೇಕು

ಕ್ಲೇಮ್ ಬಂದ ಭಾಗವನ್ನೇ ನೀವು ವಿಮರ್ಶೆ ಮಾಡಿದ್ದರೆ ಮಾತ್ರ ವಾದ ಮಾಡಿ. ಇಲ್ಲದಿದ್ದರೆ ಕತ್ತರಿಸಿ ಮುಂದೆ ಹೋಗಿ. ವಾದ ಮಾಡುವುದಾದರೆ 5 ದಿನದೊಳಗೆ ಮಾಡುವುದು ಒಳ್ಳೆಯದು. ಹಾಗೆ ಮಾಡಿದರೆ ಕ್ಲೇಮ್ ಬಂದ ಮೊದಲ ದಿನದಿಂದ ಬಂದ ಜಾಹೀರಾತಿನ ದುಡ್ಡನ್ನು ಯೂಟ್ಯೂಬ್ ತೀರ್ಮಾನ ಆಗುವವರೆಗೆ ತೆಗೆದಿಡುತ್ತದೆ. ಕ್ಲೇಮ್ ಮಾಡಿದವರಿಗೆ ಉತ್ತರಿಸಲು 30 ದಿನ ಇರುತ್ತದೆ.

ಕಾರಣಗಳ ಪಟ್ಟಿಯಲ್ಲಿ `Fair use`, ಅಂದರೆ ನ್ಯಾಯವಾದ ಬಳಕೆ ಅನ್ನುವುದನ್ನು ಆರಿಸಿ, ವಿವರವನ್ನು ಹೀಗೆ ಬರೆಯಿರಿ. ಕಂಪನಿಯವರಿಗೆ ಕನ್ನಡ ಬಾರದಿದ್ದರೆ ಇಂಗ್ಲಿಷ್‌ನಲ್ಲಿ ಬರೆಯಿರಿ, ಒಕ್ಕಣೆ ಇದೇ ಇರಲಿ:

"ಈ ವಿಡಿಯೊ 11 ನಿಮಿಷದ ವಿಮರ್ಶೆ. ಇದರ 3:10ರಿಂದ 3:28ರ ತನಕ ನಿಮ್ಮ ದೃಶ್ಯದ 18 ಸೆಕೆಂಡ್ ಮಾತ್ರ ಬಳಸಿದ್ದೇನೆ. ಆ ದೃಶ್ಯದಲ್ಲಿ ಗುಡ್ಡವನ್ನು ಮರಳು ಅಂತ ಹೇಳಲಾಗಿದೆ. 3:28ರಿಂದ 5:58ರ ತನಕ ಅದು ಯಾಕೆ ತಪ್ಪು ಅಂತ ನನ್ನ ದೃಶ್ಯದ ಜೊತೆ ವಿವರಿಸಿದ್ದೇನೆ. ಆ ಮಾತು ತೋರಿಸದೆ ತಪ್ಪನ್ನು ತೋರಿಸಲು ಆಗುವುದಿಲ್ಲ. ನನ್ನ ವಿಡಿಯೊ ಮೂಲದ ಬದಲಿಗೆ ನೋಡುವಂಥದ್ದಲ್ಲ."

ಸಮಯ, ಉದ್ದ, ಯಾಕೆ ಬೇಕಿತ್ತು, ಏನು ಸೇರಿಸಿದ್ದೇನೆ. "ದಯವಿಟ್ಟು ಬಿಟ್ಟುಬಿಡಿ, ನಾನು ಚಿಕ್ಕ ಚಾನೆಲ್" ಅಂತ ಬರೆದರೆ ಅದಕ್ಕೆ ಬೆಲೆ ಇಲ್ಲ.

ಅವರು ಒಪ್ಪದಿದ್ದರೆ ಅಪೀಲು ಮಾಡಬಹುದು, ಆಗ ಅವರಿಗೆ 7 ದಿನ. ಆದರೆ ಈ ಹಂತದಲ್ಲಿ ನಿಂತು ಯೋಚಿಸಿ. ಅಪೀಲಿಗೂ ಒಪ್ಪದೆ ಅವರು ವಿಡಿಯೊ ತೆಗೆಸಲು ದೂರು ಕೊಟ್ಟರೆ ಅದು ಸ್ಟ್ರೈಕ್ ಆಗುತ್ತದೆ. ಆಮೇಲೆ ಉಳಿಯುವುದು ಮರುದೂರು. ಅದರಲ್ಲಿ ನಿಮ್ಮ ಪೂರ್ತಿ ಹೆಸರು, ವಿಳಾಸ ಕೊಡಬೇಕು, ಅದು ಎದುರಿನವರಿಗೂ ಹೋಗುತ್ತದೆ. ಅವರು 10 ಕೆಲಸದ ದಿನದೊಳಗೆ ಕೋರ್ಟಿಗೆ ಹೋಗಿದ್ದೇವೆ ಅಂತ ತೋರಿಸದಿದ್ದರೆ ವಿಡಿಯೊ ವಾಪಸ್ ಬರುತ್ತದೆ. ಈ ಹಂತಕ್ಕೆ ಬಂದರೆ ಒಬ್ಬ ವಕೀಲರ ಹತ್ತಿರ ನಿಮ್ಮ ಎರಡು ಕಾಲಂ ಹಾಳೆ ಹಿಡಿದುಕೊಂಡು ಹೋಗಿ. ನನ್ನ ತೀರ್ಮಾನ ಹೇಳುವುದಾದರೆ, ದುಡ್ಡಷ್ಟೇ ಹೋಗುವ ಕ್ಲೇಮ್‌ಗೆ ನಾನು ಅಪೀಲಿನ ತನಕ ಹೋಗುವುದಿಲ್ಲ. ನನ್ನ ಮಾತನ್ನೇ ಮುಚ್ಚುವ ಬ್ಲಾಕ್ ಆದರೆ ಹೋಗುತ್ತೇನೆ.

ಆ ಹಾಳೆಯನ್ನೂ ಎಡಿಟಿಂಗ್ ಫೈಲನ್ನೂ ಅಳಿಸಬೇಡಿ. ಹೊಸ ಹಾಡು, ಹೊಸ ದೃಶ್ಯ ಯಂತ್ರಕ್ಕೆ ಸೇರುತ್ತಾ ಹೋದ ಹಾಗೆ ಹಳೆಯ ವಿಡಿಯೊಗಳಿಗೂ ಕ್ಲೇಮ್ ಬರುತ್ತದೆ. ನನ್ನ ಗಣಿ ವಿಡಿಯೊಗೂ ತಿಂಗಳುಗಳ ನಂತರ ಒಂದು ಬಂತು, ಉಳಿಸಿಕೊಂಡಿದ್ದ ಒಂದು ಕ್ಲಿಪ್‌ನ ದೃಶ್ಯದ ಮೇಲೆ. ನೋಟ್‌ಬುಕ್ ತೆಗೆದೆ, ಐದನೇ ಸಾಲಿನಲ್ಲಿ ಸಮಯವೂ ಕಾರಣವೂ ಬರೆದಿತ್ತು. ಅದನ್ನೇ ನೋಡಿ ಉತ್ತರ ತುಂಬಿದೆ. ಮೂರನೇ ವಾರದಲ್ಲಿ ಅವರು ಕ್ಲೇಮ್ ಬಿಟ್ಟರು.